ಕಾಲಂ ಪೂರ್ತಿ ಮೈನಸ್ ಬಂದರೆ ಅನ್‌ಬೌಂಡೆಡ್ ಎಂದು ಬರೆದುಬಿಡಬಹುದೇ?

ಪ್ರಶ್ನೆ: ಮೇಡಂ, ನಾನು ಎಂಬಿಎ ಓದುತ್ತಿದ್ದೇನೆ. ಇಂಟರ್ನಲ್ಸ್‌ನಲ್ಲಿ ಲೀನಿಯರ್ ಪ್ರೋಗ್ರಾಮಿಂಗ್‌ನ ಈ ಲೆಕ್ಕವನ್ನು ಸಿಂಪ್ಲೆಕ್ಸ್ ಕೋಷ್ಟಕದಲ್ಲಿ ಬಿಡಿಸಲು ಕೊಟ್ಟಿದ್ದರು: max z = −3x1 + 2x2, ನಿರ್ಬಂಧಗಳು −x1 + x2 ≤ 2, x1 − 2x2 ≤ 2, x1, x2 ≥ 0. ಎರಡನೇ ಕೋಷ್ಟಕದಲ್ಲಿ x1 ಕಾಲಂ ಪೂರ್ತಿ ಮೈನಸ್ ಬಂತು. ಗ್ರಾಫ್‌ನಲ್ಲೂ ಜಾಗ ಒಂದು ಕಡೆ ತೆರೆದೇ ಇತ್ತು. ಅನ್‌ಬೌಂಡೆಡ್ ಅಂತ ಬರೆದೆ, ಸೊನ್ನೆ ಕೊಟ್ಟರು. ಇನ್ನೊಂದು ಲೆಕ್ಕ: min z = 40x1 + 50x2, ನಿರ್ಬಂಧಗಳು x1 + x2 ≤ 4, 2x1 + 3x2 ≥ 18, x1, x2 ≥ 0. ಅದರಲ್ಲಿ ಬಲಗಡೆ −18 ಬಂತು, ಅದಕ್ಕೇ ಇನ್‌ಫೀಸಿಬಲ್ ಅಂತ ಬರೆದೆ. "ಉತ್ತರ ಸರಿ, ಕಾರಣ ತಪ್ಪು" ಅಂತ ಅರ್ಧ ಅಂಕ ಕಡಿದರು. ಯಾವ ಗುರುತು ನೋಡಿ ಏನು ಹೇಳಬೇಕು?

ಉತ್ತರ: ಎರಡೂ ಕಡೆ ನಿಮ್ಮ ಮೇಷ್ಟ್ರು ಹೇಳಿದ್ದೇ ಸರಿ. ಆದರೆ ನೀವು ಮಾಡಿದ ತಪ್ಪು ಅಪರೂಪದ್ದೇನಲ್ಲ. ಇಪ್ಪತ್ತು ವರ್ಷ ಈ ವಿಷಯ ಪಾಠ ಮಾಡಿದ್ದೇನೆ. ಪ್ರತಿ ವರ್ಷ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದಾಗ ಇವೆರಡೂ ತಪ್ಪಿಲ್ಲದ ಕಟ್ಟು ಸಿಕ್ಕಿದ್ದಿಲ್ಲ. ಗುರುತುಗಳನ್ನು ಬಾಯಿಪಾಠ ಮಾಡುವುದರಿಂದ ಹೀಗಾಗುತ್ತದೆ. ಕೋಷ್ಟಕದಲ್ಲಿರುವುದು ಗುರುತುಗಳಲ್ಲ, ಸಮೀಕರಣಗಳು. ಅವನ್ನು ಓದಲು ಬಂದರೆ ಅನ್‌ಬೌಂಡೆಡ್ ಅಂದರೆ z ಮಿತಿಯಿಲ್ಲದೆ ಬೆಳೆಯುತ್ತದೆ ಅನ್ನುವುದು ಕಾಲಂನಲ್ಲಿ ಕಾಣುತ್ತದೆ, ಇನ್‌ಫೀಸಿಬಲ್ ಅಂದರೆ ನಿರ್ಬಂಧಗಳನ್ನೆಲ್ಲ ಒಪ್ಪುವ ಬಿಂದುವೇ ಇಲ್ಲ ಅನ್ನುವುದು ಸಾಲಿನಲ್ಲಿ ಕಾಣುತ್ತದೆ. ನೀವು ಮೊದಲನೆಯದರಲ್ಲಿ ಅರ್ಧ ಕಾಲಂ ಓದಿದ್ದೀರಿ. ಎರಡನೆಯದರಲ್ಲಿ ಸಾಲಿನ ಕೊನೆಯ ಮನೆ ಮಾತ್ರ ಓದಿದ್ದೀರಿ.

ಮೊದಲ ಲೆಕ್ಕ ತೆಗೆದುಕೊಳ್ಳೋಣ. ಎರಡು ನಿರ್ಬಂಧಗಳಿಗೆ s1, s2 ಎಂಬ ಸ್ಲ್ಯಾಕ್ ಸೇರಿಸಿ, x2 ಅನ್ನು ಒಳಗೆ ತಂದ ಮೇಲೆ ನಿಮಗೆ ಸಿಕ್ಕ ಕೋಷ್ಟಕ ಇದು:

```
        x1   x2   s1   s2 |  b
x2      -1    1    1    0 |  2
s2      -1    0    2    1 |  6
z        1    0    2    0 |  4
```

ಇಲ್ಲಿ z ಸಾಲನ್ನು Zj − Cj ರೀತಿಯಲ್ಲಿ ಬರೆದಿದ್ದೇನೆ. ಅಂದರೆ ಮ್ಯಾಕ್ಸಿಮೈಸ್ ಮಾಡುವಾಗ ಮೈನಸ್ ಇದ್ದರೆ ಇನ್ನೂ ಲಾಭ ಉಳಿದಿದೆ ಎಂದರ್ಥ. ನಿಮ್ಮ ಪುಸ್ತಕ Cj − Zj ಬಳಸಿದ್ದರೆ ಚಿಹ್ನೆ ತಿರುಗಿಸಿ ಓದಿ. ಈ ಒಂದು ವಿಷಯಕ್ಕೇ ಎಷ್ಟೋ ಜನ ಎಡವುತ್ತಾರೆ. ಎರಡು ಪುಸ್ತಕ ಇಟ್ಟುಕೊಂಡು ಓದುವವರು ಇನ್ನೂ ಜಾಸ್ತಿ ಎಡವುತ್ತಾರೆ.

x1 ಕಾಲಂನಲ್ಲಿ −1, −1 ಇದೆ. ಅದರ ಅರ್ಥವೇನು? ಸಾಲುಗಳನ್ನು ಬಿಡಿಸಿ ಬರೆಯಿರಿ. s1 ಅನ್ನು ಸೊನ್ನೆಯಲ್ಲೇ ಬಿಟ್ಟರೆ x2 = 2 + x1, s2 = 6 + x1, z = 4 − x1. ಈಗ x1 ಅನ್ನು ಎಷ್ಟು ಏರಿಸಿದರೂ x2 ಮತ್ತು s2 ಏರುತ್ತಲೇ ಹೋಗುತ್ತವೆ. ಯಾವುದೂ ಸೊನ್ನೆಗಿಂತ ಕೆಳಗೆ ಬೀಳುವುದಿಲ್ಲ. x1 = 100 ಅಂದರೆ x2 = 102. ನಿರ್ಬಂಧಗಳಿಗೆ ಹಾಕಿ ನೋಡಿ, ಎರಡೂ ಸರಿಹೋಗುತ್ತವೆ. ಅಂದರೆ ದಾರಿ ಕೊನೆಯಿಲ್ಲದೆ ಹೋಗುತ್ತದೆ. ಕಾಲಂನ ಮೈನಸ್‌ಗಳು ಹೇಳುವುದು ಇಷ್ಟೇ: ಈ ದಾರಿಯಲ್ಲಿ ಗೋಡೆ ಇಲ್ಲ.

ಆದರೆ ಆ ದಾರಿ ಏರೋ ಇಳಿಜಾರೋ? ಅದನ್ನು ಹೇಳುವುದು ಅದೇ ಕಾಲಂನ ತಳದಲ್ಲಿರುವ z ಸಾಲಿನ ಅಂಕಿ. ಇಲ್ಲಿ ಅದು +1, ಅಂದರೆ z = 4 − x1. ಒಂದೊಂದು ಹೆಜ್ಜೆಗೂ z ಒಂದೊಂದು ಕಡಿಮೆಯಾಗುತ್ತದೆ. x1 = 100 ಆದಾಗ z = −96. ಯಾರಾದರೂ ಆ ಕಡೆ ಹೋಗುತ್ತಾರಾ? ನಿಂತಲ್ಲೇ ನಿಂತರೆ z = 4, ಬಿಂದು (0, 2). ಅದೇ ಆಪ್ಟಿಮಮ್. z ಸಾಲಿನಲ್ಲಿ ಎಲ್ಲೂ ಮೈನಸ್ ಇಲ್ಲದಿದ್ದಾಗ ಲೆಕ್ಕ ಅಲ್ಲಿಗೆ ಮುಗಿದಿತ್ತು. ನೀವು ಮುಗಿದ ಲೆಕ್ಕವನ್ನು ಮುಂದುವರಿಸಲು ಹೋಗಿದ್ದಿರಿ.

ಇದೇ ನಿರ್ಬಂಧಗಳನ್ನಿಟ್ಟು ಗುರಿಯನ್ನು ಮಾತ್ರ ಬದಲಿಸೋಣ. max z = x1 + x2 ಎಂದಿರಲಿ. ಮೊದಲ ಕೋಷ್ಟಕದಲ್ಲಿ x1 ಒಳಗೆ ಬರುತ್ತದೆ. ಅದರ ಕಾಲಂನಲ್ಲಿ −1 ಮತ್ತು 1 ಇವೆ. ಪಾಸಿಟಿವ್ ಇರುವುದು s2 ಸಾಲಿನಲ್ಲಿ ಮಾತ್ರ, ಆದ್ದರಿಂದ s2 ಹೊರಗೆ ಹೋಗುತ್ತದೆ. ಸಿಗುವುದು ಇದು:

```
        x1   x2   s1   s2 |  b
s1       0   -1    1    1 |  4
x1       1   -2    0    1 |  2
z        0   -3    0    1 |  2
```

ಈಗ x2 ಕಾಲಂ ನೋಡಿ. ಮೇಲೆ −1, −2. ಗೋಡೆ ಇಲ್ಲ. ತಳದಲ್ಲಿ −3. ಏರುದಾರಿ. ಎರಡೂ ಒಟ್ಟಿಗೆ ಸೇರಿದಾಗ ಮಾತ್ರ ಅನ್‌ಬೌಂಡೆಡ್. ಬಿಡಿಸಿ ಬರೆದರೆ, x2 = t ಎಂದಾಗ x1 = 2 + 2t, s1 = 4 + t, z = 2 + 3t. t = 100 ಹಾಕಿ: ಬಿಂದು (202, 100), z = 302. ಮೊದಲ ನಿರ್ಬಂಧದಲ್ಲಿ −202 + 100 = −102, ಇದು 2ಕ್ಕಿಂತ ಕಡಿಮೆ. ಎರಡನೆಯದರಲ್ಲಿ 202 − 200 = 2, ಸರಿಯಾಗಿ ಅಂಚಿನಲ್ಲಿದೆ. ಪರೀಕ್ಷೆಯಲ್ಲಿ "ಅನ್‌ಬೌಂಡೆಡ್" ಎಂಬ ಒಂದು ಪದ ಬರೆದು ಬಿಡಬೇಡಿ. ಈ ದಾರಿಯನ್ನು ಬರೆಯಿರಿ: (2, 0) ಇಂದ ಹೊರಟು (2, 1) ದಿಕ್ಕಿನಲ್ಲಿ. ಅದು ಬರೆದರೆ ಯಾವ ಮೇಷ್ಟ್ರೂ ಅಂಕ ಕಡಿಯಲಾರರು, ಯಾಕೆಂದರೆ ಅದೇ ಪುರಾವೆ.

ಎರಡರ ನಡುವೆ ಒಂದು ಮೂರನೇ ಸ್ಥಿತಿಯೂ ಇದೆ. ಗುರಿ max z = −x1 + x2 ಆದರೆ (0, 2) ಬಿಂದುವಿನ ಕೋಷ್ಟಕದಲ್ಲಿ x1 ಕಾಲಂ ಮೇಲೆ ಅದೇ −1, −1 ಇರುತ್ತದೆ, ತಳದಲ್ಲಿ 0 ಇರುತ್ತದೆ. ದಾರಿ ಕೊನೆಯಿಲ್ಲದ್ದು, ಆದರೆ ಸಮತಟ್ಟು. z = 2 ಎಂಬುದು ಆ ದಾರಿಯುದ್ದಕ್ಕೂ ಬದಲಾಗುವುದಿಲ್ಲ. ಆಪ್ಟಿಮಮ್ ಬೆಲೆ ಒಂದೇ, ಅದನ್ನು ಕೊಡುವ ಬಿಂದುಗಳು ಮಾತ್ರ ಲೆಕ್ಕವಿಲ್ಲದಷ್ಟು. ಇದನ್ನೂ ಅನ್‌ಬೌಂಡೆಡ್ ಎಂದು ಬರೆಯುವವರಿದ್ದಾರೆ.

ಈಗ ಗ್ರಾಫಿಗೆ ಬನ್ನಿ. ಜಾಗ ತೆರೆದಿದೆ ಎಂದು ನೀವು ಕಂಡದ್ದು ನಿಜ. ಎರಡು ಗೆರೆಗಳಲ್ಲಿ ಒಂದರ ಇಳಿಜಾರು 1, ಇನ್ನೊಂದರದ್ದು ಅರ್ಧ. ಬಲಕ್ಕೆ ಹೋದಂತೆ ಅವು ದೂರವಾಗುತ್ತಲೇ ಹೋಗುತ್ತವೆ. ಆದರೆ ಜಾಗ ಅನ್‌ಬೌಂಡೆಡ್ ಆಗುವುದು ಬೇರೆ, ಉತ್ತರ ಅನ್‌ಬೌಂಡೆಡ್ ಆಗುವುದು ಬೇರೆ. ತೆರೆದ ಬಯಲು ಇದೆ ಎಂದ ಮಾತ್ರಕ್ಕೆ ಅಲ್ಲಿ ಬೆಟ್ಟ ಇರಬೇಕೆಂದಿಲ್ಲ.

ತೆರೆದ ಬಾಯಿ ಯಾವ ಕಡೆಗಿದೆ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ನಿರ್ಬಂಧಗಳ ಬಲಗಡೆಯ ಅಂಕಿಗಳನ್ನೆಲ್ಲ ಅಳಿಸಿ ಸೊನ್ನೆ ಮಾಡಿ. −x1 + x2 ≤ 0, x1 − 2x2 ≤ 0 ಉಳಿಯುತ್ತದೆ. ಇದು (1, 1) ಮತ್ತು (2, 1) ಎಂಬ ಎರಡು ದಿಕ್ಕುಗಳ ನಡುವಿನ ಬೀಸಣಿಗೆಯಂಥ ಆಕಾರ. ಮೂಲ ಜಾಗದಿಂದ ಕೊನೆಯಿಲ್ಲದೆ ಹೋಗಬಹುದಾದ ದಿಕ್ಕುಗಳು ಇವಷ್ಟೇ. ಇನ್ನು ಗುರಿಯನ್ನು ಈ ಎರಡು ಅಂಚುಗಳ ಮೇಲೆ ಪರೀಕ್ಷಿಸಿ. ನಿಮ್ಮ −3x1 + 2x2 ಗೆ (1, 1) ಹಾಕಿದರೆ −1, (2, 1) ಹಾಕಿದರೆ −4. ಎರಡೂ ಇಳಿಜಾರು, ಹಾಗಾಗಿ ಉತ್ತರ ಇದೆ. x1 + x2 ಗೆ ಹಾಕಿದರೆ 2 ಮತ್ತು 3. ಏರು, ಹಾಗಾಗಿ ಉತ್ತರವಿಲ್ಲ. ಆ 3 ಎಲ್ಲಿ ನೋಡಿದ್ದೀರಿ ಹೇಳಿ? ಕೋಷ್ಟಕದ ತಳದಲ್ಲಿದ್ದ −3 ಇದೇ. ದಿಕ್ಕು (2, 1) ಕೂಡ ಇದೇ.

ಈ ಉಪಾಯದಲ್ಲಿ ಇನ್ನೊಂದು ವಿಷಯ ಅಡಗಿದೆ. ಬಲಗಡೆಯ ಅಂಕಿಗಳನ್ನು ಅಳಿಸಿಯೇ ಪರೀಕ್ಷೆ ಮಾಡಿದೆವು, ಅಲ್ವಾ? ಅಂದರೆ ಆ ಅಂಕಿಗಳಿಗೆ ಇದರಲ್ಲಿ ಪಾತ್ರವೇ ಇಲ್ಲ. ಜಾಗ ಖಾಲಿಯಾಗದಷ್ಟು ಕಾಲ, 2 ಇದ್ದಲ್ಲಿ 2000 ಹಾಕಿದರೂ ಅನ್‌ಬೌಂಡೆಡ್ ಅನ್‌ಬೌಂಡೆಡ್ಡಾಗಿಯೇ ಉಳಿಯುತ್ತದೆ. ಅದನ್ನು ಸರಿಪಡಿಸಲು ಹೊಸ ನಿರ್ಬಂಧವೋ ಬೇರೆ ಗುಣಕವೋ ಬೇಕು.

ತೆರೆದ ಜಾಗ ಇದ್ದೂ ಉತ್ತರ ಇರುವ ಲೆಕ್ಕಗಳು ಪರೀಕ್ಷೆಗೆಂದೇ ಹುಟ್ಟಿಸಿದವು ಅಂದುಕೊಳ್ಳಬೇಡಿ. ಈ ವಿಷಯದ ಹಳೆಯ ಲೆಕ್ಕವೇ ಅಂಥದ್ದು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಒಂದು ಆಹಾರದ ಲೆಕ್ಕ ಪ್ರಕಟಿಸಿದರು. 77 ಆಹಾರ ಪದಾರ್ಥಗಳು, 9 ಪೋಷಕಾಂಶಗಳು. ಪ್ರತಿ ಪೋಷಕಾಂಶ ಕನಿಷ್ಠ ಇಷ್ಟಿರಬೇಕು, ವರ್ಷದ ಖರ್ಚು ಎಷ್ಟು ಕಡಿಮೆ ಮಾಡಬಹುದು? ಎಲ್ಲ ನಿರ್ಬಂಧಗಳೂ "ಇಷ್ಟಕ್ಕಿಂತ ಕಡಿಮೆ ಬೇಡ" ಎನ್ನುವಂಥವು. ಹೆಚ್ಚು ತಿಂದರೆ ಯಾರೂ ಬೇಡ ಅನ್ನುವುದಿಲ್ಲ. ಹಾಗಾಗಿ ಜಾಗ ಎಲ್ಲ ದಿಕ್ಕಿನಲ್ಲೂ ತೆರೆದಿದೆ. ಆದರೆ ಆ ಕಡೆ ಹೋದಷ್ಟೂ ಖರ್ಚು ಏರುತ್ತದೆ, ನಮಗೆ ಬೇಕಾದದ್ದು ಕಡಿಮೆ ಖರ್ಚು. ಸ್ಟಿಗ್ಲರ್ ಅಂದಾಜಿನ ದಾರಿಯಲ್ಲಿ 1939ರ ಬೆಲೆಗಳಿಗೆ ವರ್ಷಕ್ಕೆ 39.93 ಡಾಲರ್ ಎಂದು ಕಂಡುಕೊಂಡಿದ್ದರು. ಜಾರ್ಜ್ ಡಾಂಟ್ಸಿಗ್ ಅವರ ಸಿಂಪ್ಲೆಕ್ಸ್ ಬಂದ ಮೇಲೆ 1947ರಲ್ಲಿ ಅದನ್ನು ಕೈಯಿಂದ ಓಡಿಸುವ ಕ್ಯಾಲ್ಕ್ಯುಲೇಟರ್‌ಗಳಲ್ಲಿ ಬಿಡಿಸಿದಾಗ ಬಂದದ್ದು 39.69. ಅಷ್ಟು ದೊಡ್ಡ ತೆರೆದ ಜಾಗದಲ್ಲಿ ಉತ್ತರ ಒಂದು ಮೂಲೆಯಲ್ಲಿ ತಣ್ಣಗೆ ಕೂತಿತ್ತು.

ಅನ್‌ಬೌಂಡೆಡ್ ಬಗ್ಗೆ ಇನ್ನೆರಡು ಚಿಕ್ಕ ಮಾತು. "ಪಾಸಿಟಿವ್ ಇಲ್ಲ" ಎಂದರೆ ಸೊನ್ನೆಯೂ ಸೇರಿ ಲೆಕ್ಕ. ಕಾಲಂನಲ್ಲಿ 0, −2 ಇದ್ದರೂ ಗೋಡೆ ಇಲ್ಲ, ಯಾಕೆಂದರೆ ಸೊನ್ನೆ ಇರುವ ಸಾಲಿನ ವೇರಿಯಬಲ್ ಅಲುಗಾಡುವುದೇ ಇಲ್ಲ. ಆದರೆ ಬಲಗಡೆ 0 ಇದ್ದು ಕಾಲಂನಲ್ಲಿ ಪಾಸಿಟಿವ್ ಇದ್ದರೆ ಅದು ಗೋಡೆಯೇ. ನಿಮ್ಮ ಮೂಗಿಗೇ ತಾಗಿಕೊಂಡಿರುವ ಗೋಡೆ. ಆಗ ಅನುಪಾತ ಸೊನ್ನೆ ಬರುತ್ತದೆ, ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಎರಡನೆಯದು, z ಸಾಲಿನಲ್ಲಿ ಅತಿ ದೊಡ್ಡ ಮೈನಸ್ ಇರುವ ಕಾಲಂ ಮಾತ್ರ ನೋಡಬೇಕೆಂದಿಲ್ಲ. ತಳದಲ್ಲಿ ಮೈನಸ್ ಇರುವ ಯಾವುದೇ ಕಾಲಂನಲ್ಲಿ ಪಾಸಿಟಿವ್ ಇಲ್ಲದಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಪಕ್ಕದ ಕಾಲಂನಲ್ಲಿ ಪಿವಟ್ ಮಾಡುತ್ತಾ ಮೂರು ಪುಟ ತುಂಬಿಸಬೇಕಿಲ್ಲ.

ಇನ್ನು ನಿಮ್ಮ −18.

ಈ ಲೆಕ್ಕಕ್ಕೆ ಒಂದು ಕಥೆ ಕೊಡುತ್ತೇನೆ, ಆಗ ಅಂಕಿಗಳು ಮಾತಾಡುತ್ತವೆ. ಮನೆಯಲ್ಲೇ ಕುರುಕಲು ಮಾಡಿ ಮಾರುವ ಒಬ್ಬರ ಬಳಿ 4 ಕಿಲೋ ಹಿಟ್ಟಿದೆ. ಒಂದು ಕಿಲೋ ಹಿಟ್ಟಿನಿಂದ ಚಕ್ಕುಲಿ ಮಾಡಿದರೆ 2 ಪೊಟ್ಟಣ, ನಿಪ್ಪಟ್ಟು ಮಾಡಿದರೆ 3 ಪೊಟ್ಟಣ. ಅಂಗಡಿಯವರಿಗೆ ಒಟ್ಟು 18 ಪೊಟ್ಟಣ ಬೇಕು. ಖರ್ಚು ಚಕ್ಕುಲಿಗೆ ಕಿಲೋಗೆ 40 ರೂಪಾಯಿ, ನಿಪ್ಪಟ್ಟಿಗೆ 50. x1, x2 ಎಂದರೆ ಒಂದೊಂದಕ್ಕೂ ಹಾಕಿದ ಹಿಟ್ಟು. ಡ್ಯುಯಲ್ ಸಿಂಪ್ಲೆಕ್ಸ್‌ಗಾಗಿ ಎರಡನೇ ನಿರ್ಬಂಧವನ್ನು ತಿರುಗಿಸಿದಾಗ ನಿಮ್ಮ ಕೋಷ್ಟಕ ಹೀಗಿತ್ತು (z ಸಾಲು ಬಿಟ್ಟಿದ್ದೇನೆ):

```
        x1   x2    s    e |   b
s        1    1    1    0 |   4
e       -2   -3    0    1 | -18
```

ಕೆಳಗಿನ ಸಾಲು ಹೇಳುವುದು: ಸದ್ಯಕ್ಕೆ ಏನೂ ಮಾಡಿಲ್ಲ, 18 ಪೊಟ್ಟಣ ಬಾಕಿ ಇದೆ. ಅಷ್ಟೇ. ಕೆಲಸ ಶುರು ಮಾಡುವ ಮೊದಲು ಯಾರಿಗಾದರೂ ಬಾಕಿ ಇರುತ್ತದಲ್ಲ! ಆ ಸಾಲಿನಲ್ಲಿ −2, −3 ಇರುವುದರಿಂದ x1 ಅಥವಾ x2 ಏರಿಸಿ ಬಾಕಿ ತೀರಿಸುವ ದಾರಿ ಇನ್ನೂ ತೆರೆದಿದೆ. ಹಿಟ್ಟು 4 ಕಿಲೋ ಬದಲು 10 ಕಿಲೋ ಇದ್ದಿದ್ದರೂ ಇದೇ −18 ಇದೇ ಜಾಗದಲ್ಲಿ ಇರುತ್ತಿತ್ತು. ಆಗ 6 ಕಿಲೋ ನಿಪ್ಪಟ್ಟು, 300 ರೂಪಾಯಿ ಖರ್ಚು ಎಂದು ಉತ್ತರ ಸಿಗುತ್ತಿತ್ತು. ಒಂದೇ ಗುರುತು ಇಟ್ಟುಕೊಂಡು ಎರಡು ಬೇರೆ ಉತ್ತರ ಬರುವುದಾದರೆ ಅದು ಗುರುತೇ ಅಲ್ಲ. ಅದಕ್ಕೇ ನಿಮ್ಮ ಅರ್ಧ ಅಂಕ ಹೋಯಿತು.

ಒಂದು ಹೆಜ್ಜೆ ಮುಂದೆ ಹೋಗಿ. 40/2 = 20, 50/3 ಸುಮಾರು 16.67. ಚಿಕ್ಕದು x2, ಅದು ಒಳಗೆ:

```
        x1   x2    s     e |   b
s      1/3    0    1   1/3 |  -2
x2     2/3    1    0  -1/3 |   6
```

ಈಗ ಮೇಲಿನ ಸಾಲು ನೋಡಿ. x1/3 + s + e/3 = −2. ಎಡಗಡೆ ಇರುವುದೆಲ್ಲ ಸೊನ್ನೆ ಅಥವಾ ಅದಕ್ಕಿಂತ ಜಾಸ್ತಿ. ಬಲಗಡೆ ಮೈನಸ್. ಇದು ಯಾವ ಕಾಲಕ್ಕೂ ಆಗದ ಸಮೀಕರಣ. ಇನ್‌ಫೀಸಿಬಲ್ ಎಂದು ಬರೆಯಬೇಕಾದ ಜಾಗ ಇದು: ಬಲಗಡೆ ಮೈನಸ್ ಇದ್ದು, ಆ ಸಾಲಿನಲ್ಲಿ ಇನ್ನೆಲ್ಲೂ ಮೈನಸ್ ಇಲ್ಲದಿದ್ದಾಗ.

ಎರಡು ಹಂತದ ವಿಧಾನದಲ್ಲಿ ಮಾಡಿದರೂ ಇದೇ ಮಾತು ಬೇರೆ ವೇಷದಲ್ಲಿ ಬರುತ್ತದೆ. ಅಲ್ಲಿ ಎರಡನೇ ನಿರ್ಬಂಧಕ್ಕೆ a ಎಂಬ ಆರ್ಟಿಫಿಷಿಯಲ್ ವೇರಿಯಬಲ್ ಸೇರಿಸಿ, ಮೊದಲ ಹಂತದಲ್ಲಿ a ಅನ್ನು ಎಷ್ಟು ಸಾಧ್ಯವೋ ಅಷ್ಟು ಇಳಿಸುತ್ತೇವೆ. ಈ ಲೆಕ್ಕದಲ್ಲಿ ಒಂದು ಪಿವಟ್ ಆದ ಮೇಲೆ a ಸಾಲು ಹೀಗೆ ನಿಲ್ಲುತ್ತದೆ: −x1 − 3s − e + a = 6. ಇನ್ನು ಇಳಿಸಲು ದಾರಿಯಿಲ್ಲ, a = 6. ಡ್ಯುಯಲ್ ಸಿಂಪ್ಲೆಕ್ಸ್‌ನ ಸಾಲನ್ನು ಮೂರರಿಂದ ಗುಣಿಸಿ ನೋಡಿ: x1 + 3s + e = −6. a ಅನ್ನು ಸೊನ್ನೆ ಮಾಡಿದರೆ ಎರಡೂ ಒಂದೇ ಸಮೀಕರಣ. ಆ 6 ಸುಮ್ನೆ ಬಂದ ಅಂಕಿಯಲ್ಲ. ಇರುವ ಹಿಟ್ಟನ್ನೆಲ್ಲ ನಿಪ್ಪಟ್ಟು ಮಾಡಿದರೂ 12 ಪೊಟ್ಟಣ, ಬೇಕಾದದ್ದು 18. ಕೊರತೆ 6 ಪೊಟ್ಟಣ.

ಇನ್ನೊಂದು ಉಪಯೋಗ. a ಗಳ ಮೊತ್ತ ಸೊನ್ನೆಗಿಂತ ಕೆಳಗೆ ಹೋಗಲಾರದು. ಆದ್ದರಿಂದ ಮೊದಲ ಹಂತ ಎಂದೂ ಅನ್‌ಬೌಂಡೆಡ್ ಆಗುವುದಿಲ್ಲ. ಅಲ್ಲಿ ಏರುದಾರಿಯ ಕಾಲಂನಲ್ಲಿ ಗೋಡೆ ಕಾಣದಿದ್ದರೆ ಹೆದರಬೇಡಿ, ಎಲ್ಲೋ ಕೂಡುವುದರಲ್ಲಿ ತಪ್ಪಾಗಿದೆ. ಹಿಂದಕ್ಕೆ ಹೋಗಿ.

ಗ್ರಾಫ್‌ನಲ್ಲಿ ಇದು ಹೇಗೆ ಕಾಣುತ್ತದೆ? ಹಿಟ್ಟಿನ ಗೆರೆ (4, 0) ಮತ್ತು (0, 4) ಮುಟ್ಟುತ್ತದೆ, ಅದರ ಕೆಳಗಿರಬೇಕು. ಪೊಟ್ಟಣದ ಗೆರೆ (9, 0) ಮತ್ತು (0, 6) ಮುಟ್ಟುತ್ತದೆ, ಅದರ ಮೇಲಿರಬೇಕು. ನಡುವೆ ಖಾಲಿ. ಇಲ್ಲೊಂದು ತಪ್ಪು ನಂಬಿಕೆ ಓಡಾಡುತ್ತದೆ: ಗೆರೆಗಳು ಸಮಾಂತರ ಇದ್ದರೆ ಮಾತ್ರ ಇನ್‌ಫೀಸಿಬಲ್ ಎಂದು. ಈ ಗೆರೆಗಳು ಸಮಾಂತರವಲ್ಲ. ಎಡಕ್ಕೆ ಎಳೆದರೆ (−6, 10) ಬಿಂದುವಿನಲ್ಲಿ ಕೂಡುತ್ತವೆ. ಅಲ್ಲಿಂದ ಎಡಕ್ಕೆ ಎರಡೂ ನಿರ್ಬಂಧಗಳನ್ನು ಒಪ್ಪುವ ಜಾಗ ಬೇಕಾದಷ್ಟಿದೆ! ಆದರೆ ಅಲ್ಲಿ x1 ಮೈನಸ್. ಮೈನಸ್ ಆರು ಕಿಲೋ ಚಕ್ಕುಲಿ ಮಾಡಲು ಯಾರಿಂದ ಆಗುತ್ತದೆ?

ಅಂದರೆ ಜಗಳ ಇಬ್ಬರದ್ದಲ್ಲ, ಮೂವರದ್ದು. ಹಿಟ್ಟು, ಪೊಟ್ಟಣ, ಮತ್ತು x1 ≥ 0. ಇವುಗಳಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಜಾಗ ಸಿಗುತ್ತದೆ, ಮೂರೂ ಸೇರಿದರೆ ಇಲ್ಲ. ಎರಡು ಆಯಾಮದ ಚಿತ್ರದಲ್ಲಿ ಯಾವುದೇ ಇನ್‌ಫೀಸಿಬಲ್ ಲೆಕ್ಕದ ಜಗಳವನ್ನು ಹೆಚ್ಚೆಂದರೆ ಮೂರು ನಿರ್ಬಂಧಗಳಲ್ಲೇ ತೋರಿಸಬಹುದು. n ವೇರಿಯಬಲ್ ಇದ್ದರೆ n + 1ರಲ್ಲಿ. ಹೆಲ್ಲಿ ಎಂಬ ಗಣಿತಜ್ಞರ ಹೆಸರಿನ ಪ್ರಮೇಯದಿಂದ ಬರುವ ಮಾತು ಇದು. ನಿರ್ಬಂಧಗಳು ನೂರಿದ್ದರೂ ನಿಮ್ಮ ಗ್ರಾಫ್‌ನಲ್ಲಿ ಜಗಳಗಂಟರು ಮೂವರೇ.

ಆ ಮೂವರು ಯಾರೆಂದು ಕೋಷ್ಟಕವೇ ಹೇಳುತ್ತದೆ. x1 + 3s + e = −6 ಎಂಬ ಸಾಲಿನಲ್ಲಿ ಯಾರಿದ್ದಾರೆ? x1 ಇದೆ, ಹಿಟ್ಟಿನ ಸ್ಲ್ಯಾಕ್ s ಇದೆ, ಪೊಟ್ಟಣದ ಸರ್‌ಪ್ಲಸ್ e ಇದೆ. x2 ಇಲ್ಲ, ಅದು ಜಗಳದಲ್ಲಿ ಸೇರಿಲ್ಲ. s ಜೊತೆಗಿರುವ 3 ಮತ್ತು e ಜೊತೆಗಿರುವ 1 ಹಿಡಿದು ಪುರಾವೆಯನ್ನು ಒಂದು ಸಾಲಿನಲ್ಲಿ ಬರೆಯಬಹುದು. ಹಿಟ್ಟಿನ ನಿರ್ಬಂಧವನ್ನು ಮೂರು ಸಲ ತೆಗೆದುಕೊಳ್ಳಿ: 3x1 + 3x2 ≤ 12. ಅದರಿಂದ 2x1 + 3x2 ≥ 18 ಅನ್ನು ಕಳೆಯಿರಿ: x1 ≤ −6. x1 ≥ 0 ಎನ್ನುವುದಕ್ಕೆ ಇದು ವಿರುದ್ಧ. ಮುಗಿಯಿತು. ಇನ್‌ಫೀಸಿಬಲ್ ಲೆಕ್ಕಕ್ಕೆ ಇಂಥ ಒಂದು ಸಾಲಿನ ಪುರಾವೆ ಯಾವಾಗಲೂ ಇದ್ದೇ ಇರುತ್ತದೆ. ಫಾರ್ಕಸ್ ಎಂಬುವರು 1902ರಲ್ಲೇ, ಸಿಂಪ್ಲೆಕ್ಸ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ಇದನ್ನು ಸಾಧಿಸಿ ತೋರಿಸಿದ್ದರು. ಈ ಒಂದು ಸಾಲನ್ನು ಉತ್ತರ ಪತ್ರಿಕೆಯಲ್ಲಿ ಬರೆದಿದ್ದರೆ ಕೋಷ್ಟಕದ ಅಗತ್ಯವೂ ಇರಲಿಲ್ಲ.

ಆರ್ಟಿಫಿಷಿಯಲ್ ವೇರಿಯಬಲ್ ಬಗ್ಗೆಯೂ ಒಂದು ಅರ್ಧಸತ್ಯ ಎಲ್ಲ ನೋಟ್ಸ್‌ಗಳಲ್ಲೂ ಇದೆ: ಕೊನೆಯಲ್ಲಿ ಅದು ಬೇಸಿಸ್‌ನಲ್ಲಿ ಉಳಿದರೆ ಇನ್‌ಫೀಸಿಬಲ್ ಎಂದು. ಉಳಿದು, ಅದರ ಬೆಲೆ ಸೊನ್ನೆಗಿಂತ ಜಾಸ್ತಿ ಇದ್ದರೆ ಮಾತ್ರ ಹಾಗೆ. x1 + x2 = 4 ಮತ್ತು 2x1 + 2x2 = 8 ಎಂದು ಒಂದೇ ಮಾತನ್ನು ಎರಡು ಸಲ ಹೇಳಿದ ಲೆಕ್ಕ ತೆಗೆದುಕೊಳ್ಳಿ. ಎರಡನೇ a ಬೇಸಿಸ್ ಬಿಟ್ಟು ಹೋಗುವುದೇ ಇಲ್ಲ, ಆದರೆ ಅದರ ಬೆಲೆ 0. ಆ ಸಾಲು ಬೇಡದ ಸಾಲು, ಹೊಡೆದುಹಾಕಿ ಮುಂದೆ ಹೋಗಿ.

ಬಿಗ್ M ಬಳಸುವವರಿಗೆ ಇನ್ನೊಂದು ಗುಂಡಿ ಇದೆ. M ಅನ್ನು ಅಕ್ಷರವಾಗಿಯೇ ಇಟ್ಟರೆ ತೊಂದರೆಯಿಲ್ಲ. ಅದಕ್ಕೆ ಅಂಕಿ ಕೊಟ್ಟಾಗ ಎಚ್ಚರ. ಒಂದು ವಸ್ತುವಿನ ಖರ್ಚು 50, ಕನಿಷ್ಠ 2 ಬೇಕು, M = 10 ಎಂದು ಇಟ್ಟಿರಿ ಎನ್ನಿ. a ಯನ್ನು ಉಳಿಸಿಕೊಂಡರೆ ಒಂದಕ್ಕೆ 10, ವಸ್ತು ಮಾಡಿದರೆ 50. ದಂಡವೇ ಅಗ್ಗ! ಕೋಷ್ಟಕ a = 2 ಎಂದು ನಿಲ್ಲುತ್ತದೆ, ನೀವು ಇನ್‌ಫೀಸಿಬಲ್ ಎಂದು ಬರೆಯುತ್ತೀರಿ, ನಿಜವಾದ ಉತ್ತರ x = 2 ಎಂದು ಅಲ್ಲೇ ಬಿದ್ದಿರುತ್ತದೆ. ಹಾಗೆಂದು M ಅನ್ನು ಕೋಟಿಗಟ್ಟಲೆ ಮಾಡಿದರೆ ಕಂಪ್ಯೂಟರಿನಲ್ಲಿ ಚಿಕ್ಕ ಅಂಕಿಗಳು ಅದರ ಪಕ್ಕ ಕರಗಿಹೋಗುತ್ತವೆ. ನನ್ನ ಒಲವು ಎರಡು ಹಂತದ ವಿಧಾನದ ಕಡೆಗೆ.

ಪರೀಕ್ಷೆಯ ಹೊರಗೆ ಈ ಉತ್ತರಗಳು ಬಂದಾಗ ಏನು ಮಾಡುತ್ತಾರೆ ಎಂಬುದನ್ನೂ ಸ್ವಲ್ಪ ಹೇಳುತ್ತೇನೆ, ನಿಮಗೆ ಮುಂದೆ ಬೇಕಾಗುತ್ತದೆ. ಇನ್‌ಫೀಸಿಬಲ್ ಬಂದರೆ ಗುರಿಯನ್ನು ಬದಲಿಸಿ ಪ್ರಯೋಜನವಿಲ್ಲ. ಖಾಲಿ ಜಾಗದಲ್ಲಿ ಏನು ಹುಡುಕಿದರೂ ಸಿಗದು. ಬಲಗಡೆಯ ಅಂಕಿಯನ್ನೋ ಗುಣಕವನ್ನೋ ಸಡಿಲಿಸಬೇಕು. ಕುರುಕಲಿನ ಲೆಕ್ಕದಲ್ಲಿ ಹಿಟ್ಟನ್ನು 6 ಕಿಲೋ ಮಾಡಬಹುದು, ಯಾಕೆಂದರೆ ಒಂದು ಕಿಲೋ ಹಿಟ್ಟು 3 ಪೊಟ್ಟಣದ ಕೊರತೆ ತುಂಬುತ್ತದೆ. ಇಲ್ಲವೇ ಅಂಗಡಿಯವರನ್ನು 12 ಪೊಟ್ಟಣಕ್ಕೆ ಒಪ್ಪಿಸಬಹುದು. ಇಲ್ಲವೇ 5 ಕಿಲೋ, 15 ಪೊಟ್ಟಣ ಎಂದು ನಡುವೆ ನಿಲ್ಲಬಹುದು. ಕೊರತೆಗೆ ದಂಡ ಕಟ್ಟಿ ನಿರ್ಬಂಧವನ್ನೇ ಮೆತ್ತಗೆ ಮಾಡುವ ರೂಢಿಯೂ ಇದೆ. ಅದರ ಅಪಾಯ ಮೇಲೆ ಹೇಳಿದ M ನದ್ದೇ: ದಂಡ ಕಡಿಮೆಯಾದರೆ ಮಾಡೆಲ್ ಸದ್ದಿಲ್ಲದೆ ಆರ್ಡರ್ ಕೈಬಿಡುತ್ತದೆ.

ಆದರೆ ಸಡಿಲಿಸುವ ಮೊದಲು ಕೊರತೆಯ ಅಂಕಿಯನ್ನು ದಿಟ್ಟಿಸಿ ನೋಡಿ. ಒಮ್ಮೆ ಒಂದು ಪಶು ಆಹಾರದ ಕಾರ್ಖಾನೆಗೆ ಮಿಶ್ರಣದ ಲೆಕ್ಕ ಮಾಡಿಕೊಡಲು ಹೋಗಿದ್ದೆ. ಒಂದು ಕಿಲೋ ಮಿಶ್ರಣ, ಪ್ರೋಟೀನ್ ಕನಿಷ್ಠ ಶೇಕಡ 20. ಇನ್‌ಫೀಸಿಬಲ್ ಬಂತು. ಅರ್ಧ ದಿನ ಹಿಂಡಿಯ ದಾಸ್ತಾನು, ತೌಡಿನ ಮಿತಿ ಎಲ್ಲ ಸಡಿಲಿಸಿದೆವು, ಏನೂ ಆಗಲಿಲ್ಲ. ಕೊನೆಗೆ ಮೊದಲ ಹಂತದ ಕೊರತೆ ನೋಡಿದರೆ 19.55. ಪ್ರೋಟೀನ್ ಅತಿ ಹೆಚ್ಚಿದ್ದ ಕಡಲೆಕಾಯಿ ಹಿಂಡಿಗೆ ನಾವು ಹಾಕಿದ್ದು 0.45. 20ರಲ್ಲಿ 0.45 ಕಳೆದರೆ 19.55! ಎಡಗಡೆ ದಶಮಾಂಶದಲ್ಲಿ, ಬಲಗಡೆ ಶೇಕಡದಲ್ಲಿ ಬರೆದಿದ್ದೆವು. 0.20 ಎಂದು ತಿದ್ದಿದ ಕೂಡಲೇ ಉತ್ತರ ಬಂತು. ಆ ಸಾಲನ್ನು ಟೈಪ್ ಮಾಡಿದ್ದು ನಾನೇ.

ಅನ್‌ಬೌಂಡೆಡ್ ಬಂದಾಗ ಜನ ಮಾಡುವ ಮೊದಲ ಕೆಲಸ ಎಲ್ಲ ವೇರಿಯಬಲ್‌ಗೂ 99999 ಎಂಬ ಮೇಲ್ಮಿತಿ ಹಾಕುವುದು. ಆಗ ಕೆಂಪು ದೀಪ ಆರುತ್ತದೆ, ಉತ್ತರ ಮಾತ್ರ ಆ 99999ರ ಮೇಲೆಯೇ ಹೋಗಿ ಕೂರುತ್ತದೆ. ಅದರ ಬದಲು ದಾರಿಯನ್ನು ಓದಿ. ನಮ್ಮ ಉದಾಹರಣೆಯಲ್ಲಿ ದಿಕ್ಕು (2, 1). ಎರಡು x1, ಒಂದು x2 ಎಂಬ ಪ್ರಮಾಣದಲ್ಲಿ ಎಷ್ಟು ಬೇಕಾದರೂ ಮಾಡಬಹುದು ಎನ್ನುತ್ತಿದೆ ಮಾಡೆಲ್. ನಿಜವಾಗಿ ಹಾಗೆ ಮಾಡುತ್ತಾ ಹೋದರೆ ಮೊದಲು ಏನು ಖಾಲಿಯಾಗುತ್ತದೆ? ಹಾಲು, ಜಾಗ, ಆಳು, ದುಡ್ಡು? ಅದೇ ನೀವು ಬರೆಯಲು ಮರೆತ ನಿರ್ಬಂಧ. ಏನೂ ಮರೆತಿಲ್ಲ ಎಂದಾದರೆ ≤ ಇರಬೇಕಾದಲ್ಲಿ ≥ ಬಿದ್ದಿದೆಯಾ, ಮಿನಿಮೈಸ್ ಬದಲು ಮ್ಯಾಕ್ಸಿಮೈಸ್ ಆಗಿದೆಯಾ ನೋಡಿ. ಮರೆತ ಮಿತಿ ಯಾವಾಗಲೂ ಅನ್‌ಬೌಂಡೆಡ್ ಎಂದು ಕೂಗಿ ಹೇಳುತ್ತದೆ ಎಂದೂ ನಂಬಬೇಡಿ. ಡಾಂಟ್ಸಿಗ್ ಅವರೇ 1950ರ ದಶಕದಲ್ಲಿ ತಮ್ಮ ತೂಕ ಇಳಿಸಲು ಒಂದು ಲೆಕ್ಕ ಹಾಕಿದ್ದರಂತೆ. ನೀರಿನಂಶ ಕಳೆದು ಉಳಿಯುವ ತೂಕ ಹೆಚ್ಚಿದ್ದಷ್ಟು ಹೊಟ್ಟೆ ತುಂಬುತ್ತದೆ ಎಂಬುದು ಗುರಿ. ಕಂಪ್ಯೂಟರ್ ಕೊಟ್ಟ ಊಟದಲ್ಲಿ 500 ಗ್ಯಾಲನ್ ವಿನೆಗರ್ ಇತ್ತು. ಗಣಿತದ ಪ್ರಕಾರ ಅದು ಆಪ್ಟಿಮಮ್, ಕೋಷ್ಟಕದಲ್ಲಿ ಒಂದು ಗುರುತೂ ಕೆಟ್ಟಿರಲಿಲ್ಲ.

ಕಂಪ್ಯೂಟರಿನಲ್ಲಿ ಪರೀಕ್ಷಿಸಬೇಕಾದರೆ ನಿಮ್ಮ ಎರಡನೇ ಲೆಕ್ಕ ಪೈಥಾನ್‌ನಲ್ಲಿ ಇಷ್ಟೇ:

```python
from scipy.optimize import linprog
r = linprog([40, 50], A_ub=[[1, 1], [-2, -3]], b_ub=[4, -18])
print(r.status)
```

`2` ಬಂದರೆ ಇನ್‌ಫೀಸಿಬಲ್, `3` ಬಂದರೆ ಅನ್‌ಬೌಂಡೆಡ್, `0` ಬಂದರೆ ಉತ್ತರ ಇದೆ. `linprog` ಯಾವಾಗಲೂ ಮಿನಿಮೈಸ್ ಮಾಡುತ್ತದೆ. ಮೊದಲ ಲೆಕ್ಕ ಹಾಕುವಾಗ ಗುರಿಯ ಚಿಹ್ನೆ ತಿರುಗಿಸಿ `[3, -2]` ಎಂದು ಕೊಡಿ. ತಿರುಗಿಸದೆ `[-3, 2]` ಕೊಟ್ಟರೆ ಅದು (2, 1) ದಿಕ್ಕಿನಲ್ಲಿ ಇಳಿಯುತ್ತಲೇ ಹೋಗುತ್ತದೆ, ನಿಮಗೆ ಮತ್ತೆ ಅನ್‌ಬೌಂಡೆಡ್ ಎಂದೇ ಉತ್ತರ ಬರುತ್ತದೆ, ನೀವು ಮೇಷ್ಟ್ರ ಹತ್ತಿರ ಮತ್ತೆ ಜಗಳಕ್ಕೆ ಹೋಗುತ್ತೀರಿ.

ದೊಡ್ಡ ಸಾಲ್ವರ್‌ಗಳು ಕೆಲವು ಸಲ ಎರಡರಲ್ಲಿ ಯಾವುದೆಂದು ಹೇಳದೆ ಕೈತೊಳೆದುಕೊಳ್ಳುತ್ತವೆ. ಗುರೋಬಿಯಲ್ಲಿ `INF_OR_UNBD` ಎಂದು ಬರುವುದು ಅದೇ. ಲೆಕ್ಕವನ್ನು ಮೊದಲೇ ಸವರಿ ಚಿಕ್ಕದು ಮಾಡುವ ಹಂತದಲ್ಲಿ ಏನೋ ಕೆಟ್ಟಿದೆ ಎಂದು ತಿಳಿದಿರುತ್ತದೆ, ಯಾವುದು ಎಂದು ತಿಳಿದಿರುವುದಿಲ್ಲ. ಆಗ ಗುರಿಯ ಗುಣಕಗಳನ್ನೆಲ್ಲ ಸೊನ್ನೆ ಮಾಡಿ ಇನ್ನೊಮ್ಮೆ ಓಡಿಸಿ. ಗುರಿಯೇ ಇಲ್ಲದ ಮೇಲೆ ಏರು ಇಲ್ಲ, ಇಳಿಜಾರು ಇಲ್ಲ. ಅಷ್ಟಾದರೂ ಇನ್‌ಫೀಸಿಬಲ್ ಎಂದರೆ ಜಾಗವೇ ಖಾಲಿ. ಒಂದು ಬಿಂದು ಸಿಕ್ಕಿತು ಎಂದರೆ ಮೊದಲು ಕೂಗಿದ್ದು ಅನ್‌ಬೌಂಡೆಡ್.